45 ಸೆಕೆಂಡಿನ ವಿಡಿಯೊಗೆ ವಾಯ್ಸ್ ಓವರ್ ಸ್ಕ್ರಿಪ್ಟ್ ಕೂರಿಸುವುದು ಹೇಗೆ: ಪದ ಎಣಿಸಿ, ವಾಕ್ಯ ಕತ್ತರಿಸಿ, ವೇಗ ಹೊಂದಿಸುವ ಸಮಗ್ರ ಮಾರ್ಗದರ್ಶಿ

ನಿಮಿಷಕ್ಕೆ 150 ಪದ ಎಂಬ ಲೆಕ್ಕ ಹಿಡಿದು ಸ್ಕ್ರಿಪ್ಟ್ ಬರೆಯುತ್ತಾರೆ. ರೆಕಾರ್ಡಿಂಗ್‌ಗೆ ಕುಳಿತಾಗ ಅದು ಅರ್ಧದಷ್ಟು ಉದ್ದ ಹೆಚ್ಚಾಗಿರುತ್ತದೆ. ಆಮೇಲೆ ಓದುವವರಿಗೆ ‘ಸ್ವಲ್ಪ ಜೋರಾಗಿ ಓಡಿಸಿ’ ಅನ್ನುತ್ತಾರೆ. ಮತ್ತೆ ಮತ್ತೆ ಆಗುತ್ತಿರುವುದು ಇದೇ ತಪ್ಪು. 150 ಎಂಬುದು ಇಂಗ್ಲಿಷ್ ಓದಿನ ಅಂದಾಜು. ಅಲ್ಲಿಯ ಪದಗಳು ಹೆಚ್ಚಾಗಿ ಒಂದೆರಡು ಉಚ್ಚಾರದಲ್ಲಿ ಮುಗಿಯುತ್ತವೆ. ಕನ್ನಡದಲ್ಲಿ ವಿಭಕ್ತಿ, ಬಹುವಚನ, ಕ್ರಿಯೆಯ ರೂಪ ಎಲ್ಲ ಪದದ ಬಾಲಕ್ಕೇ ಅಂಟುತ್ತವೆ. ‘ಮೆಟ್ಟಿಲುಗಳನ್ನು’ ಎಂಬ ಒಂದೇ ಪದದಲ್ಲಿ ಆರು ಅಕ್ಷರಗಳಿವೆ. ಹೀಗಾಗಿ ಕನ್ನಡದ ನಿರೂಪಣೆ ನಿಮಿಷಕ್ಕೆ 100 ಪದದ ಆಸುಪಾಸಿನಲ್ಲೇ ಸಾಗುತ್ತದೆ. ಅದರಲ್ಲೂ ಒಬ್ಬರಿಂದ ಒಬ್ಬರಿಗೆ ಫರಕು ಇರುತ್ತದೆ.

ಇಲ್ಲಿ ವಿಜಯಪುರದ ಗೋಳಗುಮ್ಮಟದ ಮೇಲೆ 45 ಸೆಕೆಂಡಿನ ಒಂದು ವಿಡಿಯೊ ತೆಗೆದುಕೊಂಡು, ಮೊದಲ ಕರಡಿನಿಂದ ಕೊನೆಯ ಟೇಕ್‌ವರೆಗೆ ಲೆಕ್ಕ ಸಮೇತ ನೋಡೋಣ. ಹಂತಗಳ ಕ್ರಮ ಮುಖ್ಯ. ವೇಗ ಅಳೆಯುವ ಮೊದಲೇ ಕತ್ತರಿ ಹಿಡಿದರೆ ಎಷ್ಟು ಕತ್ತರಿಸಬೇಕೆಂದೇ ಗೊತ್ತಾಗುವುದಿಲ್ಲ.

ಬೇಕಾದ ಸಾಮಾನು ಹೆಚ್ಚಿಲ್ಲ: ಮೊಬೈಲ್‌ನ ಸ್ಟಾಪ್‌ವಾಚ್ ಮತ್ತು ರೆಕಾರ್ಡರ್, ಪದ ಎಣಿಸುವ ಯಾವುದಾದರೂ ಬರಹದ ತಂತ್ರಾಂಶ (ಗೂಗಲ್ ಡಾಕ್ಸ್‌ನಲ್ಲಿ `Ctrl+Shift+C` ಒತ್ತಿದರೆ ಎಣಿಕೆ ಬರುತ್ತದೆ), ದೃಶ್ಯಗಳನ್ನು ಸುಮಾರಾಗಿ ಜೋಡಿಸಿಟ್ಟ ವಿಡಿಯೊದ ರಫ್ ಕಟ್, ಮತ್ತು ನಿಜವಾಗಿ ಓದಲಿರುವ ವ್ಯಕ್ತಿ. ಕೊನೆಯದನ್ನು ಬಿಟ್ಟು ಉಳಿದೆಲ್ಲವನ್ನೂ ತಂದಿಟ್ಟುಕೊಳ್ಳುವವರೇ ಜಾಸ್ತಿ.

## ಹಂತ 1: ಮಾತಿಗೆ ಸಿಗುವ ಜಾಗ ಎಷ್ಟೆಂದು ತಿಳಿಯಿರಿ

ವಿಡಿಯೊ 45 ಸೆಕೆಂಡಿನದು ಎಂದರೆ ಮಾತಿಗೆ 45 ಸೆಕೆಂಡು ಸಿಕ್ಕಿತು ಎಂದಲ್ಲ. ರಫ್ ಕಟ್ ನೋಡುತ್ತ, ದನಿ ಇರಬಾರದ ಜಾಗಗಳನ್ನು ಬರೆದುಕೊಳ್ಳಿ. ನಮ್ಮ ವಿಡಿಯೊದಲ್ಲಿ ಆರಂಭಕ್ಕೆ 3 ಸೆಕೆಂಡು ಬರೀ ಸಂಗೀತ. ಕೊನೆಗೆ ಹೆಸರು ಬರುವಲ್ಲಿ 3 ಸೆಕೆಂಡು. ನಡುವೆ ಗುಮ್ಮಟದೊಳಗೆ ಒಬ್ಬರು ಚಪ್ಪಾಳೆ ತಟ್ಟಿದಾಗ ಬರುವ ಪ್ರತಿಧ್ವನಿಗೆ 4 ಸೆಕೆಂಡು. ಆ ಪ್ರತಿಧ್ವನಿಯ ಮೇಲೆ ಮಾತು ಹೇರಿದರೆ ಅದನ್ನು ಚಿತ್ರೀಕರಿಸಿದ್ದೇ ವ್ಯರ್ಥ.

45ರಲ್ಲಿ 10 ಕಳೆದರೆ ಮಾತಿಗೆ ಉಳಿಯುವುದು 35 ಸೆಕೆಂಡು. ಅಷ್ಟನ್ನೂ ತುಂಬಬೇಡಿ. ಉಸಿರು, ಎಡಿಟಿಂಗ್‌ನ ಚೂರುಪಾರು ಹೊಂದಾಣಿಕೆಗೆಂದು ಶೇ 5ರಷ್ಟು ಬಿಟ್ಟು 33 ಸೆಕೆಂಡನ್ನೇ ಗುರಿ ಎಂದಿಟ್ಟುಕೊಳ್ಳಿ.

## ಹಂತ 2: ಅಂಕಿಗಳನ್ನು ಬಾಯಿ ಹೇಳುವಂತೆ ಬಿಡಿಸಿ, ಆಮೇಲೆ ಎಣಿಸಿ

ಮೊದಲ ಕರಡು ಹೀಗಿದೆ:

> ವಿಜಯಪುರಕ್ಕೆ ಬರುವ ಪ್ರತಿಯೊಬ್ಬ ಪ್ರವಾಸಿಗನ ಕಣ್ಣಿಗೆ ದೂರದಿಂದಲೇ ಬೀಳುವ ಭವ್ಯವಾದ ಕಟ್ಟಡವೆಂದರೆ ಅದುವೇ ಗೋಳಗುಮ್ಮಟ. ಅರಸ ಮಹಮ್ಮದ್ ಆದಿಲ್‌ಶಾಹನ ಸಮಾಧಿಯಾಗಿರುವ ಈ ಕಟ್ಟಡದ ನಿರ್ಮಾಣ ಕಾರ್ಯವು 1656ರಲ್ಲಿ ಪೂರ್ಣಗೊಂಡಿತು. ಹೊರವ್ಯಾಸ ಸುಮಾರು 44 ಮೀಟರ್ ಇರುವ ಈ ಬೃಹತ್ ಗುಮ್ಮಟದ ಒಳಗಡೆ ಆಧಾರಕ್ಕೆ ಒಂದೇ ಒಂದು ಕಂಬವೂ ಇಲ್ಲ ಎಂಬುದು ಅಚ್ಚರಿಯ ಸಂಗತಿ. ಕಟ್ಟಡದ ನಾಲ್ಕೂ ಮೂಲೆಗಳಲ್ಲಿ ಏಳು ಅಂತಸ್ತುಗಳುಳ್ಳ ಎತ್ತರದ ಗೋಪುರಗಳಿದ್ದು, ಅವುಗಳ ಒಳಗಿರುವ ಕಿರಿದಾದ ಮೆಟ್ಟಿಲುಗಳನ್ನು ಹತ್ತಿಕೊಂಡು ಮೇಲಕ್ಕೆ ಹೋಗಬಹುದಾಗಿದೆ. ಅಲ್ಲಿರುವ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಬದಿಯಲ್ಲಿ ನಿಂತುಕೊಂಡು ಮೆಲ್ಲಗೆ ಮಾತನಾಡಿದರೂ ಕೂಡ ಎದುರು ಬದಿಯಲ್ಲಿ ಇರುವವರಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಒಂದು ಸಲ ಚಪ್ಪಾಳೆ ತಟ್ಟಿದರೆ ಸಾಕು, ಅದು ಹಲವು ಬಾರಿ ಪ್ರತಿಧ್ವನಿಸುತ್ತದೆ. ಬನ್ನಿ, ಈ ಅದ್ಭುತವನ್ನು ನಿಮ್ಮ ಕಿವಿಯಾರೆ ನೀವೇ ಕೇಳಿ ಆನಂದಿಸಿ.

ತಂತ್ರಾಂಶ ಇದನ್ನು 84 ಪದ ಎಂದು ಎಣಿಸುತ್ತದೆ. ಇಂಗ್ಲಿಷ್ ಲೆಕ್ಕದಲ್ಲಿ 35 ಸೆಕೆಂಡಿಗೆ 87 ಪದ ಹಿಡಿಯಬೇಕು. ಹಾಗಾಗಿ ಬರೆದವರು ನಿಶ್ಚಿಂತರಾಗಿಬಿಡುತ್ತಾರೆ.

ಈಗ ‘1656ರಲ್ಲಿ’ ಎಂಬುದನ್ನು ನೋಡಿ. ಕಾಗದದ ಮೇಲೆ ಒಂದು ಪದ. ಬಾಯಲ್ಲಿ ಅದು ‘ಸಾವಿರದ ಆರುನೂರ ಐವತ್ತಾರರಲ್ಲಿ’. ಅಂದರೆ ಮೂರು ಪದ, ಹದಿನಾಲ್ಕು ಅಕ್ಷರ. ‘ಹದಿನಾರುನೂರ ಐವತ್ತಾರರಲ್ಲಿ’ ಎಂದರೆ ಎರಡು ಪದ, ಹನ್ನೆರಡು ಅಕ್ಷರ. ಹೇಗೆ ಓದಬೇಕೆಂಬುದನ್ನು ಬರೆಯುವವರೇ ತೀರ್ಮಾನಿಸಿ ಅಕ್ಷರದಲ್ಲಿ ಬರೆದುಕೊಡಬೇಕು. ಇಲ್ಲದಿದ್ದರೆ ಒಂದು ಟೇಕ್‌ನಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಬರುತ್ತದೆ. ಶೇಕಡಾ ಚಿಹ್ನೆ, ‘ಕಿ.ಮೀ.’, ‘ಕ್ರಿ.ಶ.’, ಫೋನ್ ನಂಬರ್ ಇವೆಲ್ಲಕ್ಕೂ ಇದೇ ಮಾತು. ಹತ್ತು ಅಂಕಿಯ ಮೊಬೈಲ್ ನಂಬರ್ ತಂತ್ರಾಂಶಕ್ಕೆ ಒಂದೇ ಪದ, ಓದುವವರಿಗೆ ಹತ್ತು.

ಮೊದಲ ರೀತಿಯಲ್ಲಿ ಅಂಕಿ ಬಿಡಿಸಿದ ಮೇಲೆ ನಮ್ಮ ಕರಡಿನಲ್ಲಿರುವುದು 86 ಪದ. ಇನ್ನು ಅಕ್ಷರ. ಒತ್ತಕ್ಷರವಿದ್ದರೂ, ದೀರ್ಘವಿದ್ದರೂ, ಅನುಸ್ವಾರವಿದ್ದರೂ ಒಂದು ಕಾಗುಣಿತಕ್ಕೆ ಒಂದೇ ಎಣಿಕೆ. ‘ಮೀಟರ್’ನ ಕೊನೆಯ ‘ರ್’ನಂಥ ಅರ್ಧಾಕ್ಷರವನ್ನು ಬೇರೆಯಾಗಿ ಎಣಿಸಬೇಡಿ, ಅದು ಹಿಂದಿನದಕ್ಕೇ ಸೇರುತ್ತದೆ. ಹೀಗೆ ಎಣಿಸಿದರೆ ಕರಡಿನಲ್ಲಿ 317 ಅಕ್ಷರಗಳಿವೆ. ಬೇಸರದ ಕೆಲಸವೇ, ಆದರೆ ಆರನೆಯ ಹಂತದಲ್ಲಿ ಇದೇ ನಿಮ್ಮ ಕೈ ಹಿಡಿಯುತ್ತದೆ.

## ಹಂತ 3: ಓದುವವರ ವೇಗವನ್ನು ಅದೇ ಕರಡಿನಿಂದ ಅಳೆಯಿರಿ

ಬೇರೆ ಯಾವುದೋ ಪತ್ರಿಕೆಯ ತುಣುಕು ಓದಿಸಿ ವೇಗ ಅಳೆಯಬೇಡಿ. ಈ ಕರಡನ್ನೇ, ಕೊನೆಗೆ ಓದಲಿರುವವರಿಂದಲೇ, ನಿಂತೋ ಕುಂತೋ ರೆಕಾರ್ಡಿಂಗ್ ಮಾಡುವ ಭಂಗಿಯಲ್ಲೇ ಓದಿಸಿ. ಮನಸ್ಸಿನಲ್ಲಿ ಓದಿಕೊಂಡ ಸಮಯಕ್ಕೆ ಬೆಲೆಯೇ ಇಲ್ಲ, ಕಣ್ಣು ಯಾವತ್ತೂ ಬಾಯಿಗಿಂತ ಮುಂದೆ ಓಡುತ್ತದೆ. ಮೂರು ಸಲ ಓದಿಸಿ. ಮೊದಲನೆಯದರಲ್ಲಿ ಹೆಸರುಗಳ ಮೇಲೆ ತಡವರಿಸುತ್ತಾರೆ, ಅದನ್ನು ಬಿಡಿ. ಉಳಿದ ಎರಡರ ಸರಾಸರಿ ತೆಗೆಯಿರಿ.

ನಮ್ಮ ಉದಾಹರಣೆಯಲ್ಲಿ ಸರಾಸರಿ 54 ಸೆಕೆಂಡು ಎಂದುಕೊಳ್ಳೋಣ.

```
ನಿಮಿಷಕ್ಕೆ ಪದ    = 86 × 60 ÷ 54 = 96 (ಸುಮಾರು)
ಸೆಕೆಂಡಿಗೆ ಪದ    = 96 ÷ 60      = 1.6
ಸೆಕೆಂಡಿಗೆ ಅಕ್ಷರ = 317 ÷ 54     = 5.9 (ಸುಮಾರು)
```

ಈ ಸಂಖ್ಯೆಗಳೊಳಗೆ ವಾಕ್ಯದ ಕೊನೆಯ ನಿಲುಗಡೆಗಳೂ ಸೇರಿವೆ ಎಂಬುದನ್ನು ನೆನಪಿಡಿ.

ಓದುವವರು ಗ್ರಂಥಭಾಷೆಯಲ್ಲಿ ಓದುತ್ತಾರೋ, ನಮ್ಮ ಕಡೆಯ ಮಾತಿನಲ್ಲೋ ಎಂಬುದನ್ನೂ ಈಗಲೇ ಖಾತ್ರಿ ಮಾಡಿಕೊಳ್ಳಿ. ‘ಕೇಳಿಸುತ್ತದೆ’ ಐದು ಅಕ್ಷರ, ‘ಕೇಳಸ್ತದ’ ನಾಲ್ಕು. ಬಾಗಲಕೋಟೆ, ವಿಜಯಪುರದ ಆಡುಮಾತಿನಲ್ಲಿ ಕ್ರಿಯಾಪದಗಳೆಲ್ಲ ಹೀಗೆ ಗಿಡ್ಡವಾಗುವುದರಿಂದ ನಿಮಿಷಕ್ಕೆ ಹೆಚ್ಚು ಪದ ಹಿಡಿಸುತ್ತವೆ. ಒಂದರಲ್ಲಿ ಅಳೆದು ಇನ್ನೊಂದರಲ್ಲಿ ಓದಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಬೆಳಗಾವಿಯಲ್ಲಿ ಒಂದೇ ವಿಡಿಯೊಗೆ ಕನ್ನಡ, ಮರಾಠಿ ಎರಡೂ ದನಿ ಮಾಡಿಸುವವರು ಎರಡಕ್ಕೂ ಬೇರೆ ಬೇರೆ ವೇಗ ಅಳೆಯಬೇಕು.

## ಹಂತ 4: ಎಷ್ಟು ಕತ್ತರಿಸಬೇಕೆಂದು ಲೆಕ್ಕ ಹಾಕಿ

33 ಸೆಕೆಂಡನ್ನು 1.6ರಿಂದ ಗುಣಿಸಿದರೆ ಸುಮಾರು 53 ಪದ. ನಮ್ಮಲ್ಲಿರುವುದು 86. ಅಂದರೆ 33 ಪದ ಹೆಚ್ಚು, ಶೇ 38ರಷ್ಟು ಹೋಗಬೇಕು.

ಈ ಶೇಕಡಾವಾರು ಮುಂದಿನ ದಾರಿ ಹೇಳುತ್ತದೆ. ಹೋಗಬೇಕಾದದ್ದು ಶೇ 5ರ ಒಳಗಿದ್ದರೆ ಪದ ಮುಟ್ಟದೆ ಓದಿನ ವೇಗದಲ್ಲೇ ಸರಿಮಾಡಬಹುದು. ಶೇ 15ರವರೆಗೂ ಇದ್ದರೆ ವಾಕ್ಯಗಳನ್ನು ಬಿಗಿ ಮಾಡಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಯಾವುದಾದರೂ ಒಂದು ವಿಷಯವನ್ನೇ ಕೈಬಿಡಬೇಕು. ಇವು ಕೆಲಸದ ಅಂದಾಜುಗಳು, ಶಾಸನವಲ್ಲ. ಆದರೆ ಶೇ 38ರಷ್ಟು ಹೋಗಬೇಕಾದ ಸ್ಕ್ರಿಪ್ಟ್ ಅನ್ನು ಅಲ್ಲೊಂದು ಇಲ್ಲೊಂದು ವಿಶೇಷಣ ಕಿತ್ತು ಹೊಂದಿಸಲು ಕುಳಿತರೆ ಇಡೀ ದಿನ ಹೋಗುತ್ತದೆ, ಕೊನೆಗೆ ಉಳಿಯುವುದು ಎಲುಬಿನಂಥ ವಾಕ್ಯಗಳು.

## ಹಂತ 5: ಮೊದಲು ವಿಷಯ, ಆಮೇಲೆ ವಾಕ್ಯ, ಕೊನೆಗೆ ಪದ

ವಿಷಯದಿಂದ ಶುರು ಮಾಡಿ. ಪ್ರತಿ ವಾಕ್ಯದ ಪಕ್ಕದಲ್ಲಿ ಆ ಹೊತ್ತಿಗೆ ಪರದೆಯ ಮೇಲೆ ಏನಿದೆ ಎಂದು ಬರೆಯಿರಿ. ಚಿತ್ರವೋ ಶಬ್ದವೋ ಈಗಾಗಲೇ ಹೇಳುತ್ತಿರುವುದನ್ನು ಮಾತು ಮತ್ತೆ ಹೇಳುತ್ತಿದ್ದರೆ ಆ ವಾಕ್ಯವೇ ಮೊದಲ ಬಲಿ. ನಮ್ಮಲ್ಲಿ ಅದು ಚಪ್ಪಾಳೆಯ ವಾಕ್ಯ. ಪ್ರತಿಧ್ವನಿಗೆಂದೇ 4 ಸೆಕೆಂಡು ಕಾದಿಟ್ಟಿದ್ದೇವೆ, ಪ್ರೇಕ್ಷಕರು ಅದನ್ನು ಕೇಳಿಯೇ ಕೇಳುತ್ತಾರೆ. 9 ಪದ ಹೋದವು, 77 ಉಳಿದವು.

ಆಮೇಲೆ ವಾಕ್ಯದ ಕಟ್ಟು. ಇಲ್ಲಿ ಹೆಚ್ಚು ಸಮಯ ಉಳಿಯುವುದು ವಿಶೇಷಣಗಳಿಂದಲ್ಲ, ವಾಕ್ಯದ ಬಾಲದಿಂದ. ‘ಹೋಗಬಹುದಾಗಿದೆ’, ‘ಎಂಬುದು ಅಚ್ಚರಿಯ ಸಂಗತಿ’, ‘ಕಟ್ಟಡವೆಂದರೆ ಅದುವೇ’ ಇವೆಲ್ಲ ಕಚೇರಿ ಪತ್ರದಿಂದಲೋ ಭಾಷಣದಿಂದಲೋ ಬಂದ ಬಾಲಗಳು. ಕಂಬವಿಲ್ಲ ಎಂದು ಹೇಳಿದರೆ ಕೇಳುವವರಿಗೆ ತಾನಾಗಿಯೇ ಅಚ್ಚರಿಯಾಗುತ್ತದೆ. ‘ನಿರ್ಮಾಣ ಕಾರ್ಯವು ಪೂರ್ಣಗೊಂಡಿತು’ ಎಂಬುದರಲ್ಲಿ ಹನ್ನೊಂದು ಅಕ್ಷರ, ‘ಕಟ್ಟಿ ಮುಗಿದದ್ದು’ ಎಂದರೆ ಆರು. ಹೇಳಿದ್ದು ಅದೇ.

ಪದದ ಮಟ್ಟಕ್ಕೆ ಕೊನೆಗೆ ಬನ್ನಿ. ‘ನಿಂತುಕೊಂಡು’ ಎಂಬುದು ‘ನಿಂತು’ ಆಗಲಿ, ‘ಮಾತನಾಡಿದರೂ ಕೂಡ’ದಲ್ಲಿ ‘ಕೂಡ’ ಬೇಡ. ‘ಭವ್ಯವಾದ’, ‘ಬೃಹತ್’ ಬೇಡವೇ ಬೇಡ, ಕಟ್ಟಡ ಕಣ್ಣ ಮುಂದೆಯೇ ನಿಂತಿದೆ.

ಮೊದಲ ಕತ್ತರಿಯಲ್ಲಿ 44 ಮೀಟರ್ ಎಂಬುದನ್ನು ಪರದೆಯ ಮೇಲಿನ ಬರಹಕ್ಕೆ ಸಾಗಹಾಕಿ, ‘ಇಷ್ಟು ದೊಡ್ಡ ಗುಮ್ಮಟಕ್ಕೆ ಒಳಗೆ ಒಂದು ಕಂಬದ ಆಸರೆಯೂ ಇಲ್ಲ’ ಎಂದು ಮಾಡಿದರೆ ಒಟ್ಟು 47 ಪದಕ್ಕೆ ಇಳಿಯಿತು. ಗುರಿ 53 ಇತ್ತು. ಜಾಗ ಉಳಿದಾಗ ವಿಶೇಷಣಗಳನ್ನು ವಾಪಸ್ ತರಬೇಡಿ, ಮಾಹಿತಿಯನ್ನು ತನ್ನಿ. ಹಾಗಾಗಿ 44 ಮೀಟರ್ ಮಾತಿಗೇ ಮರಳಿತು:

> ದೂರದಿಂದಲೇ ಕಣ್ಣಿಗೆ ಬೀಳುವ ಕಟ್ಟಡ, ವಿಜಯಪುರದ ಗೋಳಗುಮ್ಮಟ.
> ಇದು ಅರಸ ಮಹಮ್ಮದ್ ಆದಿಲ್‌ಶಾಹನ ಸಮಾಧಿ. ಕಟ್ಟಿ ಮುಗಿದದ್ದು ಹದಿನಾರುನೂರ ಐವತ್ತಾರರಲ್ಲಿ.
> ಸುಮಾರು ನಲವತ್ತನಾಲ್ಕು ಮೀಟರ್ ಹೊರವ್ಯಾಸದ ಈ ಗುಮ್ಮಟಕ್ಕೆ ಒಳಗೆ ಒಂದು ಕಂಬದ ಆಸರೆಯೂ ಇಲ್ಲ.
> ನಾಲ್ಕೂ ಮೂಲೆಗೆ ಏಳು ಅಂತಸ್ತಿನ ಗೋಪುರ. ಅದರೊಳಗಿನ ಮೆಟ್ಟಿಲು ಹತ್ತಿದರೆ ಪಿಸುಮಾತಿನ ಗ್ಯಾಲರಿ.
> ಈ ಬದಿಗೆ ನಿಂತು ಮೆಲ್ಲಗೆ ಆಡಿದ ಮಾತು ಆ ಬದಿಯವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.
> ಬನ್ನಿ, ನೀವೇ ಕಿವಿಯಾರೆ ಕೇಳಿ.

ಇದು 50 ಪದ, 169 ಅಕ್ಷರ.

ಕತ್ತರಿಸುವಾಗ ಸತ್ಯವನ್ನೇ ಕತ್ತರಿಸುವ ಅಪಾಯ ಇಲ್ಲೇ ಇದೆ. ‘ಹೊರವ್ಯಾಸ’ ಉದ್ದವಾಯಿತೆಂದು ಯಾರಾದರೂ ‘ವ್ಯಾಸ’ ಎಂದಷ್ಟೇ ಉಳಿಸಿದರೆ, ಒಳಗಿನ ದೃಶ್ಯದ ಮೇಲೆ ಆ ಮಾತು ಬಂದಾಗ ಅದು ತಪ್ಪಾಗುತ್ತದೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್ ಮಾತ್ರ. ‘ಕಟ್ಟಿ ಮುಗಿದದ್ದು’ ಎಂಬುದನ್ನು ‘ಕಟ್ಟಿದ್ದು’ ಎಂದು ಗಿಡ್ಡ ಮಾಡಿದರೆ ವರ್ಷಗಟ್ಟಲೆ ನಡೆದ ಕೆಲಸ ಒಂದೇ ವರ್ಷದ್ದಾಗುತ್ತದೆ. ‘ಸುಮಾರು’, ‘ಹೊರ’, ‘ಮುಗಿದ’ ಇಂಥ ಪದಗಳಿಗೆ ಮೊದಲೇ ಗೆರೆ ಎಳೆದು, ಇವನ್ನು ಮುಟ್ಟಬಾರದು ಎಂದು ಗುರುತು ಹಾಕಿ.

## ಹಂತ 6: ಪದದ ಲೆಕ್ಕವನ್ನು ಅಕ್ಷರದ ಲೆಕ್ಕದಿಂದ ತಾಳೆ ನೋಡಿ

50 ಪದವನ್ನು 1.6ರಿಂದ ಭಾಗಿಸಿದರೆ 31 ಸೆಕೆಂಡು ಚಿಲ್ಲರೆ. 169 ಅಕ್ಷರವನ್ನು 5.9ರಿಂದ ಭಾಗಿಸಿದರೆ 28.6 ಸೆಕೆಂಡು. ಎರಡರ ನಡುವೆ ಎರಡೂವರೆ ಸೆಕೆಂಡು ಅಂತರ ಬಂತು. ಏಕೆ?

ಪದಗಳು ಗಿಡ್ಡವಾಗಿವೆ. ಕರಡಿನಲ್ಲಿ ಒಂದು ಪದಕ್ಕೆ ಸರಾಸರಿ 3.7 ಅಕ್ಷರವಿತ್ತು, ಈಗ 3.4ಕ್ಕೆ ಇಳಿದಿದೆ. ಪದದ ಲೆಕ್ಕಕ್ಕೆ ಇದು ಕಾಣುವುದಿಲ್ಲ, ಹಾಗಾಗಿ ಅದು ಹೆಚ್ಚು ಸಮಯ ತೋರಿಸುತ್ತದೆ. ಅಕ್ಷರದ ಲೆಕ್ಕಕ್ಕೆ ಕಾಣದಿರುವುದು ನಿಲುಗಡೆ. ಕರಡಿನಲ್ಲಿ 54 ಸೆಕೆಂಡಿಗೆ 7 ಪೂರ್ಣವಿರಾಮ ಇದ್ದವು. ಈಗ ಅರ್ಧದಷ್ಟು ಹೊತ್ತಿನಲ್ಲೇ 8 ಇವೆ. ಹಳೆಯ ಲೆಕ್ಕದಲ್ಲಿ ಇಷ್ಟು ಅಕ್ಷರಕ್ಕೆ ನಾಲ್ಕು ನಿಲುಗಡೆ ಸೇರಿದ್ದವು, ಮಿಕ್ಕ ನಾಲ್ಕಕ್ಕೆ ಅರ್ಧರ್ಧ ಸೆಕೆಂಡು ಕೂಡಿಸಿದರೆ 28.6 ಹೋಗಿ 30.6 ಆಗುತ್ತದೆ. ಎರಡೂ ದಾರಿ 31ರ ಹತ್ತಿರ ಬಂದು ಸೇರಿದವು. 33ರ ಗುರಿಯ ಒಳಗೇ ಇದ್ದೇವೆ.

ಈ ತಾಳೆ ಇನ್ನೊಂದು ಮೋಸವನ್ನೂ ಹಿಡಿದುಕೊಡುತ್ತದೆ. ಪದ ಕಡಿಮೆ ಮಾಡಬೇಕೆಂದು ಸಂಧಿ ಮಾಡಿ ಅಂಟಿಸುವವರಿದ್ದಾರೆ. ‘ಏಳು ಅಂತಸ್ತಿನ’ ಎಂಬುದನ್ನು ‘ಏಳಂತಸ್ತಿನ’ ಎಂದು ಬರೆದರೆ ಒಂದು ಪದ ಕಡಿಮೆ, ಕಾಗದದ ಮೇಲೆ 0.6 ಸೆಕೆಂಡು ಉಳಿದಂತೆ. ನಿಜವಾಗಿ ಉಳಿದದ್ದು ಒಂದೇ ಅಕ್ಷರ, 0.2 ಸೆಕೆಂಡೂ ಇಲ್ಲ. ಹತ್ತು ಕಡೆ ಹೀಗೆ ಅಂಟಿಸಿದರೆ ಪದಗಳ ಎಣಿಕೆ ಸುಂದರವಾಗಿರುತ್ತದೆ, ಓದು ಮಾತ್ರ ಇದ್ದಲ್ಲೇ ಇರುತ್ತದೆ.

## ಹಂತ 7: ಓದಿನ ವೇಗ ಹೊಂದಿಸಿ

ಈಗ ಹೊಸ ಸ್ಕ್ರಿಪ್ಟ್ ಅನ್ನು ರಫ್ ಕಟ್ ಜತೆಗೆ ಓದಿಸಿ. ನಮ್ಮ ವಿಡಿಯೊದಲ್ಲಿ ಮಾತು 3ನೇ ಸೆಕೆಂಡಿಗೆ ಶುರುವಾಗಿ 35ಕ್ಕೆ ‘ಕೇಳಿಸುತ್ತದೆ’ ಎಂದು ಮುಗಿಯಬೇಕು. 35ರಿಂದ 39 ಪ್ರತಿಧ್ವನಿ. 39ಕ್ಕೆ ‘ಬನ್ನಿ’, 42ರಿಂದ ಕೊನೆಯ ಸಂಗೀತ. ಮೊದಲ ಭಾಗದ ಮಾತಿಗೆ ಸುಮಾರು 29 ಸೆಕೆಂಡು ಸಾಕು, ಸಿಕ್ಕಿರುವುದು 32.

ಉಳಿದ ಮೂರು ಸೆಕೆಂಡನ್ನು ಇಡೀ ಓದಿಗೆ ಹರಡಿ ಎಳೆಯುವುದಕ್ಕಿಂತ, ಬೇಕಾದ ಕಡೆ ನಿಲ್ಲುವುದು ಒಳ್ಳೆಯದು. ‘ಆಸರೆಯೂ ಇಲ್ಲ’ ಆದ ಮೇಲೆ ಒಂದು ಸೆಕೆಂಡು ಬಿಡಿ, ಪ್ರೇಕ್ಷಕರು ಒಮ್ಮೆ ಮೇಲೆ ನೋಡಲಿ. ಅರಸನ ಹೆಸರು ಮತ್ತು ವರ್ಷವನ್ನು ನಿಧಾನವಾಗಿ ಓದಿಸಿ, ಇವು ಮೊದಲ ಸಲ ಕೇಳುವವರಿಗೆ ಹೊಸವು. ಗೋಪುರ, ಮೆಟ್ಟಿಲಿನ ವಾಕ್ಯ ಸ್ವಲ್ಪ ಚುರುಕಾಗಿ ಹೋದರೆ ನಡೆಯುತ್ತದೆ, ಚಿತ್ರ ಜತೆಗಿದೆ. ಸ್ಕ್ರಿಪ್ಟ್ ಮೇಲೆ ಅರ್ಧ ಸೆಕೆಂಡಿಗೆ ಒಂದು ಓರೆಗೆರೆ, ಒಂದು ಸೆಕೆಂಡಿಗೆ ಎರಡು ಎಂದು ಗುರುತು ಹಾಕಿಕೊಟ್ಟರೆ ಓದುವವರಿಗೆ ಮತ್ತೆ ಮತ್ತೆ ಹೇಳುವ ಕೆಲಸ ಇರುವುದಿಲ್ಲ.

ಸ್ಕ್ರಿಪ್ಟ್ ಇನ್ನೂ ಉದ್ದವಿದೆ ಎಂಬುದು ಗಡಿಯಾರಕ್ಕಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ‘ಕೇಳಿಸುತ್ತದೆ’ ಎಂಬುದು ‘ಕೇಳಿಸ್ತೆ’ ಆಗುತ್ತದೆ, ‘ಅನ್ನು’ ಪ್ರತ್ಯಯ ಕೇಳಿಸುವುದೇ ಇಲ್ಲ. ಉಸಿರು ಅಲ್ಪವಿರಾಮದಲ್ಲಿ ಬರದೆ ‘ಆದಿಲ್‌ಶಾಹನ’ ಮತ್ತು ‘ಸಮಾಧಿ’ಯ ನಡುವೆ ಬರುತ್ತದೆ. ಇನ್ನೊಂದು ಗುರುತು: ಮೊದಲ ಎರಡು ವಾಕ್ಯ ಆರಾಮಾಗಿರುತ್ತವೆ, ಕೊನೆಯ ಎರಡು ಓಡುತ್ತಿರುತ್ತವೆ. ಆಗ ಓದುವವರನ್ನು ತಿದ್ದಬೇಡಿ, ಐದನೆಯ ಹಂತಕ್ಕೆ ಹಿಂದಿರುಗಿ ಇನ್ನೊಂದು ಮೂರು ನಾಲ್ಕು ಪದ ಕತ್ತರಿಸಿ. ನಿಮಿಷಕ್ಕೆ 96 ಪದ ಓದುವವರನ್ನು 100ರವರೆಗೆ ಎಳೆಯಬಹುದು. 110ಕ್ಕೆ ಎಳೆದರೆ ಸಂತೆಯ ಜಾಹೀರಾತಿನ ದನಿಯಾಗುತ್ತದೆ.

## ಹಂತ 8: ಉಳಿದ ಚೂರು ಎಡಿಟಿಂಗ್‌ನಲ್ಲಿ

ಒಳ್ಳೆಯ ಟೇಕ್ ಸಿಕ್ಕಿದೆ, ಆದರೆ ಸೆಕೆಂಡು ಮುಕ್ಕಾಲು ಸೆಕೆಂಡು ಹೆಚ್ಚಿದೆ ಎಂದರೆ ಮತ್ತೆ ರೆಕಾರ್ಡ್ ಮಾಡಬೇಕಿಲ್ಲ. ಮೊದಲು ವಾಕ್ಯಗಳ ನಡುವಿನ ಖಾಲಿ ಜಾಗಗಳನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪ ಕಿರಿದು ಮಾಡಿ. ಉಸಿರಿನ ಶಬ್ದವನ್ನು ಪೂರ್ತಿ ಅಳಿಸಬೇಡಿ, ಅದಿಲ್ಲದ ದನಿ ತುಂಡು ತುಂಡಾಗಿ ಕೇಳುತ್ತದೆ. ಕತ್ತರಿಸಿದ ಜಾಗದಲ್ಲಿ ಕೋಣೆಯ ಸದ್ದು ತಟಕ್ಕನೆ ನಿಂತುಹೋದರೆ, ದನಿ ಇಲ್ಲದಿರುವಾಗ ರೆಕಾರ್ಡ್ ಮಾಡಿಟ್ಟ ಅದೇ ಕೋಣೆಯ ಸದ್ದಿನ ತುಣುಕನ್ನು ಅಲ್ಲಿಗೆ ಹಾಕಿ.

ಅದಕ್ಕೂ ಬಗ್ಗದಿದ್ದರೆ ದನಿ ಎಡಿಟ್ ಮಾಡುವ ತಂತ್ರಾಂಶ ಆಡಾಸಿಟಿಯ `Change Tempo` ಬಳಸಿ. ಇದು ದನಿಯ ಏರಿಳಿತ ಕೆಡಿಸದೆ ವೇಗ ಮಾತ್ರ ಬದಲಿಸುತ್ತದೆ. ವೇಗದ ಜತೆಗೆ ಸ್ಥಾಯಿಯನ್ನೂ ಏರಿಸುವ ಆಯ್ಕೆ ಬೇರೆ ಇದೆ, ಅದನ್ನು ಮುಟ್ಟಿದರೆ ದನಿ ಕೀರಲಾಗುತ್ತದೆ. ಶೇ 3ರವರೆಗೆ ಏರಿಸಿದ್ದು ಯಾರಿಗೂ ಗೊತ್ತಾಗುವುದಿಲ್ಲ. 31 ಸೆಕೆಂಡಿನ ಓದಿಗೆ ಅದರಿಂದ ಸಿಗುವುದು ಒಂದು ಸೆಕೆಂಡಿಗೂ ಕಡಿಮೆ. ಶೇ 5 ದಾಟಿದರೆ ‘ಸ್ಪಷ್ಟವಾಗಿ’, ‘ಅಂತಸ್ತಿನ’ದಂಥ ಒತ್ತಕ್ಷರಗಳು ಮೊದಲು ಕಲಸಿಹೋಗುತ್ತವೆ. ಹಾಗಾಗಿ ಇಡೀ ಓದಿಗೆ ಹಾಕಿದ ಮೇಲೆ ಮೊದಲು ಕೇಳಿ ನೋಡಬೇಕಾದದ್ದು ಆ ಪದಗಳನ್ನೇ, ಅದೂ ಹೆಡ್‌ಫೋನ್‌ನಲ್ಲಲ್ಲ, ಮೊಬೈಲ್‌ನ ಸ್ಪೀಕರ್‌ನಲ್ಲಿ, ಹಿನ್ನೆಲೆ ಸಂಗೀತ ಹಾಕಿಕೊಂಡು.